ವಿಮಾನಕ್ಕೆ ದುಡ್ಡು ಹಾಕುವ ಮುಂಚೆ ಭಾಗಾಕಾರ ಸರಿ ಮಾಡಿ

ಪ್ರಶ್ನೆ: ಬೆಂಗಳೂರಲ್ಲಿ ಕೆಲಸ, ಊರು ವಿರಾಜಪೇಟೆ. ಸಂಬಳದ ಲೆಕ್ಕದಲ್ಲಿ ನನ್ನ ಒಂದು ಗಂಟೆಗೆ 900 ರೂಪಾಯಿ. ಬಸ್ಸು ಬಿಟ್ಟು ಕಣ್ಣೂರಿಗೆ ವಿಮಾನದಲ್ಲಿ ಹೋಗೋದು ಲಾಭ ಅಲ್ವಾ?

ಇದೇ 900ರ ಲೆಕ್ಕ ಹಿಡಿದುಕೊಂಡು ನಾನೂ ಹೊರಟಿದ್ದೆ. ಬಸ್ಸಿಗೆ 900 ರೂಪಾಯಿ. ವಿಮಾನಕ್ಕೆ 3,000, ಕಣ್ಣೂರು ಏರ್‌ಪೋರ್ಟ್ ಇರುವ ಮಟ್ಟನ್ನೂರಿನಿಂದ ಮನೆಗೆ ಟ್ಯಾಕ್ಸಿ 1,800, ಬೆಂಗಳೂರಲ್ಲಿ ಏರ್‌ಪೋರ್ಟ್ ಬಸ್ಸಿಗೆ 300. ಹೆಚ್ಚಿಗೆ ಬಿದ್ದದ್ದು 4,200. ಬಸ್ಸು ಆರೂವರೆ ಗಂಟೆ, ವಿಮಾನ ಒಂದು ಗಂಟೆ, ಉಳಿದದ್ದು ಐದೂವರೆ ಅಂದುಕೊಂಡೆ. ಗಂಟೆಗೆ 764 ಆಯ್ತು, ನನ್ನ 900ಕ್ಕಿಂತ ಕಡಿಮೆ. ಬುಕ್ ಮಾಡಿಬಿಟ್ಟೆ.

ತಪ್ಪಿದ್ದು ಆ ಐದೂವರೆಯಲ್ಲಿ. ವಿಮಾನ ಗಾಳಿಯಲ್ಲಿರುವ ಹೊತ್ತನ್ನು ಬಸ್ಸಿನ ಪೂರ್ತಿ ಹೊತ್ತಿನ ಜೊತೆ ತೂಗಿದ್ದೆ. ಬಾಗಿಲಿಂದ ಬಾಗಿಲಿಗೆ ಎಣಿಸಿ: ಮನೆಯಿಂದ ಏರ್‌ಪೋರ್ಟಿಗೆ ಒಂದೂವರೆ ಗಂಟೆ, ಅಲ್ಲಿ ಕಾಯೋದು ಇನ್ನೊಂದೂವರೆ, ಹಾರಾಟ ಒಂದು, ಇಳಿದು ಟ್ಯಾಕ್ಸಿ ಹತ್ತೋಕೆ ಅರ್ಧ, ಇರಿಟ್ಟಿ ದಾಟಿ ಮಾಕುಟ್ಟ ಘಾಟಿ ಏರಿ ವಿರಾಜಪೇಟೆಗೆ ಎರಡು. ಒಟ್ಟು ಆರೂವರೆ. ಬಸ್ ಸ್ಟ್ಯಾಂಡಿಗೆ ಹೋಗೋ ಅರ್ಧ ಗಂಟೆ ಸೇರಿಸಿದರೆ ಬಸ್ಸಿನದ್ದು ಏಳು. ನನಗೆ ಸಿಕ್ಕಿದ್ದು ಅರ್ಧ ಗಂಟೆ! 4,200ನ್ನು ಅರ್ಧದಿಂದ ಭಾಗಿಸಿ ನೋಡಿ, ಗಂಟೆಗೆ 8,400. ಮಳೆಗಾಲದಲ್ಲಿ ಈ ಅಂದಾಜೂ ನಿಲ್ಲಲ್ಲ. 2018ರಲ್ಲಿ ಗುಡ್ಡ ಕುಸಿದು ಮಾಕುಟ್ಟ ರಸ್ತೆಯೇ ಬಂದಾಗಿತ್ತು.

ಇನ್ನು ನಿಮ್ಮ 900. ಅದನ್ನೂ ನಾನು ಒಪ್ಪಲ್ಲ. ಶುಕ್ರವಾರ ರಾತ್ರಿ ಉಳಿದ ಒಂದು ಗಂಟೆಗೆ ನಿಮ್ಮ ಕಂಪನಿ ದುಡ್ಡು ಕೊಡುತ್ತಾ? ತೆರಿಗೆ ಕಳೆದ ಮೇಲೆ ಕೈಗೆ ಬರೋದೂ 900 ಅಲ್ಲ. ಮೇಲಾಗಿ ರಾತ್ರಿ ಬಸ್ಸಿನ ಆರು ಗಂಟೆ ನೀವು ಹೇಗೂ ಮಲಗುವ ಹೊತ್ತು. ವಿಮಾನದ ದಾರಿಯಲ್ಲಿ ಅದು ಐದು ತುಂಡಾಗುತ್ತೆ, ನಿದ್ದೆಯೂ ಇಲ್ಲ, ಕೆಲಸವೂ ಇಲ್ಲ. ಸ್ಲೀಪರಿನಲ್ಲಿ ನಿದ್ದೆ ಬರದವರ ಲೆಕ್ಕ ಬೇರೆ, ಮರುದಿನ ಅರ್ಧ ದಿನ ಹಾಳಾದರೆ ಅದನ್ನೂ ಬಸ್ಸಿನ ಖರ್ಚಿಗೆ ಸೇರಿಸಿ.

ಹಾಗಾದರೆ ಗಂಟೆಗೆ ಬೆಲೆ ಯಾವಾಗ? ಜನವರಿಯಲ್ಲಿ ಕಾಫಿ ಕುಯ್ಯೋವಾಗ. ನಮ್ಮಲ್ಲಿ ಕಿಲೋ ಲೆಕ್ಕದ ಕೂಲಿ. ಸಂಜೆ ಚೀಲ ತೂಗುವಾಗ ಮನೆಯವರೊಬ್ಬರು ತಕ್ಕಡಿ ಹತ್ತಿರ ನಿಂತು ಎಲೆ, ಕಸ, ಹಸಿ ಕಾಯಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಅಪ್ಪನಿಗೆ ಹುಷಾರಿಲ್ಲದಾಗ ಆ ತೂಕದ ಹೊತ್ತಿಗೆ ತಲುಪೋಕೆ ಬೆಂಗಳೂರಿನಿಂದಲೇ ಟ್ಯಾಕ್ಸಿ ಮಾಡಿಕೊಂಡು ಬಂದೆ. ಬಸ್ಸಿಗಿಂತ ಒಂದೂವರೆ ಗಂಟೆ ಬೇಗ, ಖರ್ಚು ಹಲವು ಪಟ್ಟು. ಅವತ್ತು ಸಂಬಳದ ಲೆಕ್ಕ ಹಾಕಲೇ ಇಲ್ಲ, ತೂಕ ತಪ್ಪಿದರೆ ಹೋಗುವ ದುಡ್ಡಿನ ಲೆಕ್ಕ ಹಾಕಿದೆ. ನಿಮ್ಮದು ಬರೀ ವೀಕೆಂಡ್ ಆದರೆ ರಾತ್ರಿ ಬಸ್ಸೇ ಹತ್ತಿ. ಉಳಿದ ದುಡ್ಡಿನಲ್ಲಿ ಲೋವರ್ ಬರ್ತ್ ಸಿಗೋ ಒಳ್ಳೆ ಬಸ್ಸು ನೋಡಿ, ಹಿಂದಿನ ಚಕ್ರದ ಮೇಲಿನ ಸೀಟು ಮಾತ್ರ ಬೇಡ.