ಒಂದೇ ಕೇಸಿನೊಳಗೆ ಮೂರು ಲಾಟು: ಟೀ ಪುಡಿ ಬಾಕ್ಸಿನ ಅಸಲು ನಕಲು

ಪ್ರಶ್ನೆ: ಮಧುಗಿರಿಯಲ್ಲಿ ನಮ್ಮದೊಂದು ಚಿಕ್ಕ ದಿನಸಿ ಅಂಗಡಿ. ವ್ಯಾನಿನಲ್ಲಿ ಬಂದವರೊಬ್ಬರು ಏಜೆನ್ಸಿ ರೇಟಿಗಿಂತ ಕಡಿಮೆಗೆ ಹೆಸರಾಂತ ಕಂಪನಿಯ ಟೀ ಪುಡಿ ಒಂದು ಕೇಸ್ ಕೊಟ್ಟರು, 250 ಗ್ರಾಂನ 40 ಬಾಕ್ಸ್. ಕೆಲವು ಗಿರಾಕಿಗಳು ಚೆನ್ನಾಗಿದೆ ಅಂದರು. ಇಬ್ಬರು ‘ಬಣ್ಣ ಬರುತ್ತೆ, ರುಚಿಯೇ ಇಲ್ಲ’ ಅಂತ ವಾಪಸ್ ತಂದರು. ಒಂದೇ ಕೇಸಿನಲ್ಲಿ ಹೀಗಾಗುತ್ತಾ? ಉಳಿದ 31 ಬಾಕ್ಸಿನ ಫೋಟೊ ಕಳಿಸಿದ್ದೇನೆ. ಕಾಫಿ ಪುಡಿಯನ್ನೂ ಹೀಗೆ ನೋಡಿ ಕಂಡುಹಿಡಿಯಬಹುದಾ?

ಉತ್ತರ: ಆಗುತ್ತದೆ ಸ್ವಾಮಿ. ಪೂರ್ತಿ ಕೇಸನ್ನೇ ನಕಲಿ ಮಾಡಬೇಕಿಲ್ಲ. ಅಸಲಿ ಕೇಸು ಬಿಚ್ಚಿ, ಹತ್ತು ಹನ್ನೆರಡು ಬಾಕ್ಸ್ ತೆಗೆದು, ಆ ಜಾಗಕ್ಕೆ ಬೇರೆಯದನ್ನು ತುಂಬಿ ಮತ್ತೆ ಟೇಪ್ ಹಾಕಿದರೆ ಮೇಲಿನಿಂದ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ನಿಮ್ಮ ಫೋಟೊಗಳಲ್ಲಿ ಕಾಣುವುದೂ ಇದೇ.

ಮೊದಲು ಟೇಪ್ ನೋಡಿ. ಕಾರ್ಖಾನೆಯಲ್ಲಿ ಯಂತ್ರ ಹಾಕಿದ ಟೇಪಿನಲ್ಲಿ ನೆರಿಗೆ ಇರುವುದಿಲ್ಲ. ರಟ್ಟಿನ ಎರಡು ರೆಕ್ಕೆ ಕೂಡುವ ಗೆರೆಯ ಮೇಲೆ ನೆಟ್ಟಗೆ ಹೋಗಿ, ಎರಡೂ ಪಕ್ಕಕ್ಕೆ ಹೆಚ್ಚುಕಡಿಮೆ ಒಂದೇ ಉದ್ದ ಇಳಿದಿರುತ್ತದೆ. ನಿಮ್ಮ ಕೇಸಿನಲ್ಲಿ ಟೇಪು ಒಂದು ಪಕ್ಕ ಎರಡು ಬೆರಳಿನಷ್ಟು, ಇನ್ನೊಂದು ಪಕ್ಕ ಅಂಗೈ ಉದ್ದ ಇಳಿದಿದೆ. ಅದಕ್ಕಿಂತ ಮುಖ್ಯವಾದದ್ದು ಅದರ ಅಡಿಯಲ್ಲಿ ಕಾಣುವ ಒರಟು ಪಟ್ಟಿ. ಮೊದಲ ಟೇಪ್ ಕಿತ್ತಾಗ ರಟ್ಟಿನ ಮೇಲ್ಪದರದ ನಾರು ಅದರ ಜೊತೆಗೇ ಎದ್ದು ಬಂದಿದೆ. ಈ ಗಾಯವನ್ನು ಹೊಸ ಟೇಪ್ ಹಾಕಿ ಪೂರ್ತಿ ಮರೆಮಾಡುವುದು ಕಷ್ಟ. ಅನುಮಾನ ಬಂದಾಗ ಕೇಸನ್ನು ತಲೆಕೆಳಗು ಮಾಡಿ ನೋಡಿ. ಬಿಚ್ಚುವವರು ಸಾಮಾನ್ಯವಾಗಿ ಮೇಲ್ಭಾಗ ಮಾತ್ರ ಬಿಚ್ಚುತ್ತಾರೆ, ತಳದ ಟೇಪು ಕಾರ್ಖಾನೆಯದ್ದೇ ಉಳಿದಿರುತ್ತದೆ. ಮೇಲಿನದು, ತಳದ್ದು ಎರಡರ ಅಗಲ, ಬಣ್ಣ, ಹೊಳಪು ಹೊಂದದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಹಾಗಂತ ಅದು ಮೋಸವೇ ಆಗಬೇಕಿಲ್ಲ. ಲಾರಿಯಲ್ಲಿ ಒಡೆದ ಕೇಸಿಗೆ ಏಜೆನ್ಸಿಯವರೇ ಮತ್ತೆ ಟೇಪ್ ಹಾಕುವುದುಂಟು. ಹಾಗಾಗಿ ಟೇಪೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ, ಒಳಗಿನ ಲಾಟ್ ನಂಬರ್ ಓದಿ.

ಪ್ಯಾಕಿಂಗ್ ಯಂತ್ರ ನಿಮಿಷಕ್ಕೆ ಹತ್ತಾರು ಬಾಕ್ಸ್ ಹೊರಹಾಕುತ್ತದೆ. ಅಂದರೆ ಒಂದು ಕೇಸಿನ 40 ಬಾಕ್ಸುಗಳು ಕೆಲವೇ ನಿಮಿಷಗಳ ಅಂತರದಲ್ಲಿ ಹುಟ್ಟಿದ ಒಡಹುಟ್ಟುಗಳು. ಅವುಗಳ ಮೇಲೆ ಒಂದೇ ಲಾಟ್, ಒಂದೇ ದಿನಾಂಕ ಇರಬೇಕು. ಗಂಟೆ ನಿಮಿಷ ಮುದ್ರಿಸುವ ಕಂಪನಿಯಾದರೆ ಅದೂ ಅಕ್ಕಪಕ್ಕದ್ದೇ ಆಗಿರಬೇಕು. ಒಂದು ಲಾಟ್ ಮುಗಿದು ಇನ್ನೊಂದು ಶುರುವಾಗುವ ಹೊತ್ತಿನಲ್ಲಿ ಎರಡು ಲಾಟ್ ಬೆರೆತ ಕೇಸು ಬರಬಹುದು, ಆದರೆ ಆ ಎರಡರ ದಿನಾಂಕಗಳ ನಡುವೆ ತಿಂಗಳುಗಳ ಅಂತರ ಇರುವುದಿಲ್ಲ. ನಿಮ್ಮಲ್ಲಿ ಉಳಿದ 31ರಲ್ಲಿ 22 ಬಾಕ್ಸು ಕೇಸಿನ ಮೇಲಿರುವ ಮೇ ತಿಂಗಳ ಲಾಟಿಗೆ ಹೊಂದುತ್ತವೆ. ಆರರ ಮೇಲೆ ಹಿಂದಿನ ಅಕ್ಟೋಬರ್ ಇದೆ, ಮೂರರ ಮೇಲೆ ಡಿಸೆಂಬರ್. ರುಚಿಯಿಲ್ಲ ಎಂದು ವಾಪಸ್ ಬಂದ ಎರಡು ಬಾಕ್ಸು ಯಾವ ತಿಂಗಳಿನವು ಎಂದು ಇವತ್ತೇ ನೋಡಿ.

ಆ ಡಿಸೆಂಬರಿನ ಮೂರರಲ್ಲಿ ಇನ್ನೊಂದು ಗುರುತಿದೆ. ಓಡುವ ಬಾಕ್ಸಿನ ಮೇಲೆ ಯಂತ್ರ ಶಾಯಿ ಚಿಮ್ಮಿಸಿ ಲಾಟ್ ಬರೆಯುವಾಗ ಅಕ್ಷರ ಚುಕ್ಕಿ ಚುಕ್ಕಿಯಾಗಿ ಮೂಡುತ್ತದೆ, ಜಾಗವೂ ಬಾಕ್ಸಿನಿಂದ ಬಾಕ್ಸಿಗೆ ಕೂದಲೆಳೆಯಷ್ಟಾದರೂ ಸರಿದಿರುತ್ತದೆ. ಈ ಮೂರರಲ್ಲಿ ಅದು ಅಚ್ಚು ಹೊಡೆದಂತೆ ಒಂದೇ ಜಾಗದಲ್ಲಿದೆ. ಅಂದರೆ ರಟ್ಟು ಮುದ್ರಿಸುವಾಗಲೇ ಲಾಟ್ ನಂಬರನ್ನೂ ಸೇರಿಸಿ ಮುದ್ರಿಸಿದ್ದಾರೆ.

ಇದನ್ನು ಖಚಿತ ಮಾಡಿಕೊಳ್ಳಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಮೇ ತಿಂಗಳ ಒಂದು ಬಾಕ್ಸು, ಡಿಸೆಂಬರಿನ ಒಂದು ಬಾಕ್ಸು ಪಕ್ಕಪಕ್ಕ ಇಟ್ಟು ಹಿಂಬದಿಯ ಅತಿ ಸಣ್ಣ ಕಪ್ಪು ಅಕ್ಷರ ನೋಡಿ. ಅಸಲಿಯಲ್ಲಿ ಆ ಅಕ್ಷರಕ್ಕೆ ಕಪ್ಪು ಶಾಯಿಯೊಂದನ್ನೇ ಬಳಸಿರುತ್ತಾರೆ, ಅಂಚು ಚೊಕ್ಕವಾಗಿರುತ್ತದೆ. ಬಾಕ್ಸನ್ನು ಸ್ಕ್ಯಾನ್ ಮಾಡಿ ಮರುಮುದ್ರಣ ಮಾಡಿದರೆ ಕಪ್ಪು ಅಕ್ಷರವೂ ನಾಲ್ಕು ಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ನಾಲ್ಕು ಬಣ್ಣ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದೆ ಹೋದಾಗ ಅಕ್ಷರದ ಒಂದು ಮಗ್ಗುಲಲ್ಲಿ ಗುಲಾಬಿ, ಇನ್ನೊಂದು ಮಗ್ಗುಲಲ್ಲಿ ತಿಳಿನೀಲಿ ನೆರಳು ಬೀಳುತ್ತದೆ. ಚಿತ್ರದ ಬಣ್ಣ ಸ್ವಲ್ಪ ಜರುಗುವುದು ಅಸಲಿಯಲ್ಲೂ ಉಂಟು, ಅದನ್ನು ದೊಡ್ಡದು ಮಾಡಬೇಡಿ. ಸಣ್ಣ ಕಪ್ಪು ಅಕ್ಷರದ ಸುತ್ತ ಬಣ್ಣದ ನೆರಳಿದ್ದರೆ ಮಾತ್ರ ಬಿಡಬೇಡಿ. ಈ ಪರೀಕ್ಷೆ ರಟ್ಟಿನ ಬಾಕ್ಸಿಗಷ್ಟೇ. ಪ್ಲಾಸ್ಟಿಕ್ ಪೌಚಿನ ಮುದ್ರಣ ವಿಧಾನವೇ ಬೇರೆಯಾದ್ದರಿಂದ ಅಸಲಿ ಪೌಚಿನಲ್ಲೂ ಅಕ್ಷರದ ಅಂಚು ಗರಗಸದಂತೆ ಕಾಣಬಹುದು.

ಅಕ್ಟೋಬರಿನ ಆರು ಬಾಕ್ಸು ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತವೆ, ಯಾಕೆಂದರೆ ರಟ್ಟು ಅಸಲಿಯೇ. ಬಳಸಿ ಎಸೆದ ಬಾಕ್ಸು ಗುಜರಿಯಲ್ಲಿ ಸಿಗುತ್ತದೆ. ಇಂಥದ್ದನ್ನು ಹಿಡಿಯಬೇಕಾದರೆ ಬಾಯಿ ನೋಡಬೇಕು. ಕಾರ್ಖಾನೆಯ ಬಿಸಿ ಗೋಂದು ನೇರ ಗೆರೆಯಾಗಿ ಬಿದ್ದಿರುತ್ತದೆ. ನೀವು ಹತ್ತಿರದಿಂದ ತೆಗೆದ ಫೋಟೊದಲ್ಲಿ ಆ ಗೆರೆ ಹರಿದಿದೆ, ಅದರ ಮೇಲೆ ಬೆರಳಲ್ಲಿ ಸವರಿದ ಬಿಳಿ ಗೋಂದು ಒಣಗಿ ಪೊರೆಯಾಗಿದೆ. ಒಳಗಿನ ಪೌಚಿಗೆ ಯಂತ್ರದ ಸೀಲು ಅಗಲವಾಗಿ, ಗೀರು ಗೀರಾಗಿ ಇರುತ್ತದೆ. ಅಂಗಡಿಯ ಕೈ ಸೀಲರ್ ಬರೀ ಒಂದು ಸಪಾಟು ತೆಳು ಗೆರೆ ಎಳೆಯುತ್ತದೆ. ವಾಪಸ್ ಬಂದ ಬಾಕ್ಸು ಹೇಗೂ ಒಡೆದಿದೆಯಲ್ಲ, ಅದರ ಪೌಚಿನ ತಳ ನೋಡಿ. ಗೀರಿನ ಸೀಲಿನ ಒಳಮಗ್ಗುಲಲ್ಲಿ ಸಪಾಟು ಗೆರೆ ಕಂಡರೆ ಮರುತುಂಬಿದ್ದೇ.

ಅದೇ ಪುಡಿಯಲ್ಲಿ ಒಂದು ಚಿಟಿಕೆಯನ್ನು ಫಿಲ್ಟರ್ ಕಾಗದದ ಮೇಲೆ ಉದುರಿಸಿ ನೀರು ಚಿಮುಕಿಸಿ. ಆಮೇಲೆ ಕಾಗದವನ್ನು ನಲ್ಲಿಗೆ ಹಿಡಿದು ತೊಳೆದು ಬೆಳಕಿಗೆ ಹಿಡಿಯಿರಿ. ಎದ್ದುಕಾಣುವ ಬಣ್ಣದ ಕಲೆ ಉಳಿದರೆ ಪುಡಿಗೆ ಬಣ್ಣ ಬೆರೆಸಿದ್ದಾರೆ. ಕಲೆ ಇಲ್ಲದಿದ್ದರೆ ಶುದ್ಧ ಎನ್ನಲಾಗದು. ಬಣ್ಣ ಹಾಕದ ಹಳೇ ಪುಡಿ, ಅಗ್ಗದ ಪುಡಿ ಇದರಲ್ಲಿ ಸಿಕ್ಕಿಬೀಳುವುದಿಲ್ಲ.

ಕಾಫಿಗೂ ಟೇಪು, ಲಾಟು, ಸೀಲು ನೋಡುವ ಕ್ರಮ ಇದೇ. ಪುಡಿಯ ಪರೀಕ್ಷೆ ಮಾತ್ರ ಬೇರೆ. ಒಂದು ಲೋಟ ನೀರಿನ ಮೇಲೆ ಉದುರಿಸಿದಾಗ ಕಾಫಿ ತೇಲುತ್ತದೆ, ಚಿಕೋರಿ ಕಂದು ಎಳೆ ಬಿಡುತ್ತಾ ಮುಳುಗುತ್ತದೆ. ಚಿಕೋರಿ ಹಾಕುವುದು ತಪ್ಪಲ್ಲ, ಕಾನೂನು 49 ಶೇಕಡಾದವರೆಗೆ ಬಿಡುತ್ತದೆ. ಆದರೆ ಎಷ್ಟು ಹಾಕಿದೆ ಎಂದು ಬಾಕ್ಸಿನ ಮೇಲೆ ಬರೆದಿರಲೇಬೇಕು. ಆದ್ದರಿಂದ ‘ಶುದ್ಧ ಕಾಫಿ’ ಎಂದು ಬರೆದ ಬಾಕ್ಸಿಗೆ ಮಾತ್ರ ಈ ಲೋಟದ ಪರೀಕ್ಷೆಯಿಂದ ಪ್ರಯೋಜನ.

ಈಗ ನೀವು ಮಾಡಬೇಕಾದದ್ದು. ಆ ಒಂಬತ್ತು ಬಾಕ್ಸು ಮಾರಬೇಡಿ, ಒಡೆಯಬೇಡಿ, ವ್ಯಾನಿನವರಿಗೆ ವಾಪಸ್ಸೂ ಕೊಡಬೇಡಿ. ಕೊಟ್ಟರೆ ಅವು ನಾಳೆ ಕೊರಟಗೆರೆಯ ಇನ್ನೊಂದು ಅಂಗಡಿಯಲ್ಲಿ ಇರುತ್ತವೆ. ಟೇಪ್ ಸಮೇತ ಕೇಸಿನ ರಟ್ಟನ್ನೂ ಇಟ್ಟುಕೊಂಡು ತುಮಕೂರಿನ ಜಿಲ್ಲಾ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಬರೆದು ಕೊಡಿ. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಮಾದರಿಯ ವಿಶ್ಲೇಷಣೆ ಮಾಡಿಸಲೂ ಅವಕಾಶವಿದೆ, ಆದರೆ ಹಾಗೆ ಮಾಡಿಸುತ್ತೇನೆಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು.

ನೀವು ಬಿಲ್ಲಿನ ಮಾತೇ ಎತ್ತಿಲ್ಲ, ನನಗೆ ಭಯವಿರುವುದು ಅಲ್ಲಿ. ಅದೇ ಕಾಯ್ದೆಯ 27ನೇ ಕಲಮಿನ ಪ್ರಕಾರ ಸರಕು ಯಾರಿಂದ ಬಂತೆಂದು ತೋರಿಸಲಾಗದಿದ್ದರೆ ಹೊಣೆ ಮಾರಿದವರ ತಲೆಗೇ ಬರುತ್ತದೆ. 2022ರ ಜನವರಿಯಿಂದ ಆಹಾರ ಪದಾರ್ಥದ ಬಿಲ್ಲಿನ ಮೇಲೆ ಮಾರುವವರ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಕಡ್ಡಾಯ. ಆ ವ್ಯಾನಿನವರು ಬಿಲ್ ಕೊಟ್ಟಿದ್ದರೆ ಆ ನಂಬರನ್ನು foscos.fssai.gov.in ನಲ್ಲಿ ಹಾಕಿ, ಯಾರ ಹೆಸರು ಬರುತ್ತದೆ ನೋಡಿ. ಕೊಟ್ಟಿಲ್ಲದಿದ್ದರೆ ವ್ಯಾನಿನ ನಂಬರ್, ಬಂದ ದಿನ, ಫೋನ್‌ಪೇ ಮಾಡಿದ್ದರೆ ಆ ರಸೀದಿ, ಇಷ್ಟನ್ನಾದರೂ ದೂರಿನ ಜೊತೆ ಲಗತ್ತಿಸಿ.