ವರ್ಗಮೂಲಗಳ ಮೊತ್ತ: ಸೂತ್ರ 9ರಿಂದ ಶುರುವಾಗಲಿ

ಪ್ರಶ್ನೆ: √1ರಿಂದ √100ರವರೆಗಿನ ಮೊತ್ತವನ್ನು ಆಯ್ಲರ್–ಮ್ಯಾಕ್ಲಾರಿನ್ ಸೂತ್ರದಿಂದ ಅಂದಾಜು ಮಾಡುತ್ತಿದ್ದೇನೆ. ಎಂಟು ದಶಮಾಂಶ ಸ್ಥಾನಗಳವರೆಗೆ ನಿಖರವಾದ ಉತ್ತರ ಬೇಕಾದರೆ ಎಷ್ಟು ತಿದ್ದುಪಡಿ ಪದಗಳನ್ನು ಸೇರಿಸಬೇಕು?

ನಾನೂ ಇದನ್ನೇ ಕೇಳಿಕೊಂಡು, ಪದಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಕುಳಿತವನು. ನೀವು 1ರಿಂದಲೇ ಸೂತ್ರ ಹಚ್ಚುತ್ತಿದ್ದರೆ, ಎಷ್ಟೇ ಪದ ಸೇರಿಸಿದರೂ ಎಂಟು ಸ್ಥಾನಗಳ ನಿಖರತೆ ಸಿಗುವುದಿಲ್ಲ.

ನಾನು ಬಳಸಿದ್ದು ಎಲ್ಲರೂ ಬಳಸುವ ರೂಪವನ್ನೇ:

```
∫f + (f(a)+f(b))/2 + (f'(b)−f'(a))/12 − (f'''(b)−f'''(a))/720 + …
```

ಇಲ್ಲಿ f(x) = √x, a = 1, b = 100. ಅನುಕಲದ ಬೆಲೆ ಸರಿಯಾಗಿ 666. ಎರಡು ತುದಿಗಳ ಸರಾಸರಿ 5.5 ಸೇರಿದಾಗ 671.5 ಆಗುತ್ತದೆ. ಮೊದಲ ನಿಷ್ಪನ್ನದ ಪದ 0.0375ನ್ನು ಕಳೆದು 671.4625ಕ್ಕೆ ತರುತ್ತದೆ, ಮೂರನೆಯ ನಿಷ್ಪನ್ನದ ಪದ 0.00052ರಷ್ಟನ್ನು ಕೂಡಿಸಿ 671.46302ಕ್ಕೆ ಮುಟ್ಟಿಸುತ್ತದೆ. ನಿಜವಾದ ಮೊತ್ತ 671.46294710. ಇಷ್ಟು ಹತ್ತಿರ ಬಂದ ಮೇಲೆ, ಮುಂದಿನ ಪದಗಳು ಉಳಿದ ಅಂತರವನ್ನೂ ತುಂಬಿಬಿಡುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನಾನು ಕೆಟ್ಟದ್ದು ಆ ನಂಬಿಕೆಯಿಂದಲೇ. ಚಿಹ್ನೆಯನ್ನು ಬದಿಗಿಟ್ಟರೆ ಮುಂದಿನ ಪದಗಳ ಗಾತ್ರ ಕ್ರಮವಾಗಿ 0.000109, 0.000067, 0.000083. ಕೊನೆಯದು ತನ್ನ ಹಿಂದಿನದಕ್ಕಿಂತ ದೊಡ್ಡದು ಎಂಬುದನ್ನು ಗಮನಿಸಿ. ನಾನು ಗಮನಿಸಲಿಲ್ಲ. ಗಮನಿಸಿದಾಗಲೂ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದುಕೊಂಡು ಬರ್ನೂಲಿ ಸಂಖ್ಯೆಗಳನ್ನು ಮತ್ತೆ ಮತ್ತೆ ಪರಿಶೀಲಿಸಿದೆ. ಸಂಖ್ಯೆಗಳು ಸರಿಯಾಗಿಯೇ ಇದ್ದವು. ಶ್ರೇಣಿಯೇ ಅಲ್ಲಿಂದ ಮುಂದೆ ಹಿಗ್ಗುತ್ತಾ ಹೋಗುತ್ತದೆ.

ಕಾರಣ ಕೆಳತುದಿಯಲ್ಲಿದೆ. ಸೂತ್ರದ ಗುಣಾಂಕಗಳು ಪ್ರತಿ ಹೆಜ್ಜೆಗೂ ಸುಮಾರು (2π)²ರಷ್ಟು, ಅಂದರೆ ನಲವತ್ತು ಪಟ್ಟಿನಷ್ಟು ಮಾತ್ರ ಕಿರಿದಾಗುತ್ತವೆ. √xನ ನಿಷ್ಪನ್ನಗಳಾದರೋ x = 1ರಲ್ಲಿ ಕ್ರಮಗುಣಿತದ ವೇಗದಲ್ಲಿ ಬೆಳೆಯುತ್ತವೆ: ಮೂರನೆಯದು 0.375, ಐದನೆಯದು 3.28, ಏಳನೆಯದು 81, ಒಂಬತ್ತನೆಯದು 3,959. ಕೊನೆಯ ಎರಡರ ಅನುಪಾತ ನಲವತ್ತನ್ನು ದಾಟಿದೆ, ಆದ್ದರಿಂದಲೇ ಅಲ್ಲಿ ಪದ ದೊಡ್ಡದಾಯಿತು. √xಗೆ x = 0ಯಲ್ಲಿ ನಿಷ್ಪನ್ನವೇ ಇಲ್ಲ; 1 ಎಂಬುದು ಆ ಕೆಟ್ಟ ಬಿಂದುವಿಗೆ ತೀರ ಹತ್ತಿರ. ಸ್ಥೂಲವಾಗಿ ಹೇಳುವುದಾದರೆ, ನಿಷ್ಪನ್ನದ ಕ್ರಮಾಂಕ 2πa ಆಗುವ ತನಕ ಪದಗಳು ಕುಗ್ಗುತ್ತವೆ, ಆಮೇಲೆ ಹಿಗ್ಗುತ್ತವೆ. a = 1 ಆದಾಗ ಆ ಮಿತಿ ಆರರ ಆಸುಪಾಸು; a = 9 ಆದಾಗ ಐವತ್ತನ್ನೂ ಮೀರುತ್ತದೆ. √0 = 0 ಅಲ್ಲವೇ, 0ಯಿಂದಲೇ ಶುರು ಮಾಡೋಣ ಎನ್ನುವವರೂ ಇದ್ದಾರೆ; ಅಲ್ಲಿ ಮೊದಲ ನಿಷ್ಪನ್ನವೇ ಅನಂತವಾಗುವುದರಿಂದ ಆ ದಾರಿ ಮೊದಲ ಹೆಜ್ಜೆಯಲ್ಲೇ ಮುಚ್ಚುತ್ತದೆ.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. √1ರಿಂದ √8ರವರೆಗೆ ನೇರವಾಗಿ ಕೂಡಿಸಿ: 16.306000526. ಸೂತ್ರವನ್ನು 9ರಿಂದ 100ರವರೆಗೆ ಹಚ್ಚಿ. 9 ಪೂರ್ಣ ವರ್ಗವಾದ್ದರಿಂದ ಕೈಲೆಕ್ಕವೂ ಸಲೀಸು. ಅನುಕಲ 648.666666667, ತುದಿಗಳ ಸರಾಸರಿ 6.5. ಮೊದಲ ನಿಷ್ಪನ್ನದ ಪದ (0.05 − 0.166666667)/12, ಅಂದರೆ −0.009722222. ಮೂರನೆಯದರ ಪದ +0.000002138. ಇವೆಲ್ಲ ಸೇರಿ 655.156946583, ಅದಕ್ಕೆ ಮೊದಲಿನ ಎಂಟನ್ನು ಕೂಡಿಸಿದರೆ 671.462947109. ದೋಷ ಒಂಬತ್ತನೆಯ ಸ್ಥಾನದಲ್ಲಿ ಆರರಷ್ಟು ಮಾತ್ರ. ಮುಂದಿನ ಪದದ ಗಾತ್ರ 0.0000000055, ಅದನ್ನೂ ಕಳೆದರೆ 671.462947103 ಸಿಗುತ್ತದೆ, ಎಂಟು ಸ್ಥಾನಗಳೂ ಸರಿಯಾಗುತ್ತವೆ. ಮೂರು ತಿದ್ದುಪಡಿಗಳಲ್ಲಿ ಮುಗಿಯುವ ಕೆಲಸವಿದು, ಆದರೆ ಆರಂಭಬಿಂದು ಸರಿಯಾಗಿದ್ದರೆ ಮಾತ್ರ.

ಯಾವ ಪದದಲ್ಲಿ ನಿಲ್ಲಿಸಬೇಕೆಂದು ತಿಳಿಯಲು, ಸೇರಿಸದೆ ಬಿಟ್ಟ ಮೊದಲ ಪದದ ಗಾತ್ರವನ್ನು ನೋಡಿ. √xನಂಥ ಫಲನಕ್ಕೆ ದೋಷ ಅದನ್ನು ಮೀರುವುದಿಲ್ಲ. ಅತಿ ಚಿಕ್ಕ ಪದವೇ ನಿಮಗೆ ಬೇಕಾದ ನಿಖರತೆಗಿಂತ ದೊಡ್ಡದಾಗಿದ್ದರೆ, ಇನ್ನಷ್ಟು ಪದಗಳ ಆಸೆ ಬಿಟ್ಟು aಯನ್ನು ಮುಂದಕ್ಕೆ ಸರಿಸಿ.

ಇದೇ ಮೊತ್ತ ಬೇರೆ ಬೇರೆ nಗಳಿಗೆ ಬೇಕಾಗುವುದಾದರೆ, ಕೆಳತುದಿಯ ಕೊಡುಗೆಯೆಲ್ಲ nಗೆ ಸಂಬಂಧವಿಲ್ಲದ ಒಂದೇ ಸ್ಥಿರಾಂಕ ಎಂಬುದನ್ನು ಬಳಸಿಕೊಳ್ಳಿ. ಮೇಲಿನ ಮೊತ್ತದಿಂದ (2/3)·1000, 5 ಮತ್ತು 1/240 ಕಳೆದರೆ −0.2078862 ಉಳಿಯುತ್ತದೆ, ರೀಮಾನ್ ಝೀಟಾ ಫಲನಕ್ಕೆ −1/2ರಲ್ಲಿರುವ ಬೆಲೆಯೂ ಇದೇ. ಆಮೇಲೆ (2/3)n√n + √n/2 − 0.2078862 + 1/(24√n) ಎಂದು ಬರೆದರೆ ಸಾಕು. n ಹತ್ತು ಲಕ್ಷವಾದಾಗ ಇದು 666667166.458822 ಎಂದು ಕೊಡುತ್ತದೆ, ಮತ್ತು ಇಲ್ಲಿ ಬಿಟ್ಟ ಪದ 1/(1920·n²√n) ಆದ್ದರಿಂದ ಉಳಿದ ದೋಷವೆಲ್ಲ ಸ್ಥಿರಾಂಕವನ್ನು ನೀವು ಎಷ್ಟು ಅಂಕಿಗಳವರೆಗೆ ಇಟ್ಟುಕೊಂಡಿರಿ ಎಂಬುದರದ್ದೇ.