ಮಾತ್ರೆಗಳ ಟೇಬಲ್ಲನ್ನು ವಾಕ್ಯ ಮಾಡೋದು ಹೇಗೆ?

ಪ್ರಶ್ನೆ: ಅಪ್ಪನಿಗೆ ಕಣ್ಣು ಕಾಣಿಸಲ್ಲ, ಮೆಸೇಜನ್ನು ಮೊಬೈಲೇ ಓದಿ ಹೇಳುತ್ತೆ. ಮಾತ್ರೆಗಳ ಟೇಬಲ್ಲನ್ನು ಅವರಿಗೆ ಹೇಗೆ ಬರೆದು ಕಳಿಸಲಿ?

ಮಾತ್ರೆ ಪ್ರಕಾರ ಬರೆಯಬೇಡಿ, ಹೊತ್ತಿನ ಪ್ರಕಾರ ಬರೆಯಿರಿ. ಯಾವ ಮಾತ್ರೆ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ, ಎಲ್ಲವೂ ಒಂದೇ ವಾಕ್ಯದಲ್ಲಿ ಇರಲಿ.

ಯಾಕೆಂದರೆ ಟೇಬಲ್‌ನಲ್ಲಿ ಒಂದು ಅಂಕಿಗೆ ಅರ್ಥ ಬರೋದು ಎರಡು ಕಡೆಯಿಂದ: ಮೇಲಿನ ತಲೆಬರಹ ಮತ್ತು ಎಡಗಡೆಯ ಹೆಸರು. ನಮ್ಮ ಕಣ್ಣು ಎರಡನ್ನೂ ಥಟ್ಟನೆ ನೋಡಿಬಿಡುತ್ತದೆ. ಕಿವಿಗೆ ಅದು ಆಗಲ್ಲ. ಡಾಕ್ಟರ ಚೀಟಿಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎನ್ನುವುದಕ್ಕೆ ಬರೆಯುವ ‘1-0-1’ ಅಪ್ಪನಿಗೆ ಸುಮ್ನೆ ‘ಒಂದು ಸೊನ್ನೆ ಒಂದು’ ಎಂದು ಕೇಳಿಸಬಹುದು.

ಮೆಟ್‌ಫಾರ್ಮಿನ್ 500 ಮಿ.ಗ್ರಾಂ 1-0-1, ಅಮ್ಲೋಡಿಪಿನ್ 5 ಮಿ.ಗ್ರಾಂ 1-0-0, ಎರಡೂ ಊಟದ ನಂತರ ಎಂದು ಚೀಟಿಯಲ್ಲಿ ಇದೆ ಅಂದುಕೊಳ್ಳಿ. ಹೀಗೆ ಬರೆಯಿರಿ:

‘ಬೆಳಿಗ್ಗೆ ತಿಂಡಿ ಆದ ಮೇಲೆ ಎರಡು ಮಾತ್ರೆ: ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಒಂದು, ಅಮ್ಲೋಡಿಪಿನ್ 5 ಮಿಲಿಗ್ರಾಂ ಒಂದು. ಮಧ್ಯಾಹ್ನ ಯಾವ ಮಾತ್ರೆಯೂ ಇಲ್ಲ. ರಾತ್ರಿ ಊಟ ಆದ ಮೇಲೆ ಒಂದೇ ಮಾತ್ರೆ: ಮೆಟ್‌ಫಾರ್ಮಿನ್ 500 ಮಿಲಿಗ್ರಾಂ.’

‘ಎರಡು ಮಾತ್ರೆ’ ಎಂದು ಮೊದಲೇ ಹೇಳಿದ್ದರಿಂದ ಒಂದು ತಪ್ಪಿಹೋದರೆ ಅವರಿಗೇ ಗೊತ್ತಾಗುತ್ತದೆ. ಮಧ್ಯಾಹ್ನದ ಸಾಲನ್ನು ಬಿಡಬೇಡಿ. ಬಿಟ್ಟರೆ ಮಾತ್ರೆ ಇಲ್ಲವೋ, ನೀವು ಬರೆಯೋದು ಮರೆತಿರೋ ತಿಳಿಯಲ್ಲ, ಅಲ್ವಾ? ‘ಮಿ.ಗ್ರಾಂ’ ಬದಲು ಪೂರ್ತಿ ಪದ ಬರೆಯಿರಿ. ಚುಕ್ಕಿ ಬಂದರೆ ಓದುವ ದನಿ ಎಡವುವುದುಂಟು.

ಕಳಿಸುವ ಮುಂಚೆ ರಾತ್ರಿಯ ವಾಕ್ಯ ಒಂದನ್ನೇ ಯಾರಿಗಾದರೂ ಓದಿ ಹೇಳಿ. ‘ಯಾವ ಮಾತ್ರೆ? ಯಾವಾಗ?’ ಎಂದು ಅವರು ತಿರುಗಿ ಕೇಳಿದರೆ ಏನೋ ಬಿಟ್ಟುಹೋಗಿದೆ.